ಬೇಡ ಮತ್ತು ಬೇಗ: ಶನಿವಾರದ ಪಂದ್ಯದ ಅಂಪೈರ್‌ಗಳಿಗೆ ಒಂದು ಬಹಿರಂಗ ಪತ್ರ

ತಾಲೂಕಿನ ಶಾಲಾ ಹುಡುಗಿಯರ ಕ್ರಿಕೆಟ್ ಪಂದ್ಯಗಳನ್ನು ನಡೆಸುತ್ತಿರುವ ಸಮಿತಿಯವರಿಗೆ, ಮತ್ತು ಶನಿವಾರ ಬೆಳಿಗ್ಗೆ ನಮ್ಮ ಪಂದ್ಯಕ್ಕೆ ನಿಲ್ಲಲಿರುವ ಇಬ್ಬರು ಅಂಪೈರ್‌ಗಳಿಗೆ,

ನಮಸ್ಕಾರ.

ನಾನು ತುಮಕೂರು ಜಿಲ್ಲೆಯ ಒಂದು ಪ್ರೌಢಶಾಲೆಯ ಪಿಟಿ ಮೇಷ್ಟ್ರು. ಇದನ್ನೆಲ್ಲ ನಿಮಗೆ ಫೋನಿನಲ್ಲೇ ಹೇಳಿಬಿಡಬಹುದಿತ್ತು. ಆದರೆ ಎದುರು ತಂಡದ ಮಕ್ಕಳಿಗೂ, ಬೌಂಡರಿ ಆಚೆ ತೆಂಗಿನ ಮರದ ನೆರಳಲ್ಲಿ ಕೂತು ಕೂಗುವ ಅಪ್ಪ ಅಮ್ಮಂದಿರಿಗೂ ಇದು ಗೊತ್ತಿದ್ದರೆ ಒಳ್ಳೆಯದು. ಅದಕ್ಕೇ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನಮ್ಮ ತಂಡದಲ್ಲಿ ಮೂರನೆಯವಳಾಗಿ ಬ್ಯಾಟ್ ಮಾಡುವ ಹುಡುಗಿಗೆ ಕಿವಿ ಕೇಳುವುದಿಲ್ಲ. ಒಂಬತ್ತನೇ ಕ್ಲಾಸು. ಹೆಸರು ಬರೆಯುವುದಿಲ್ಲ, ಹುಡುಗಿ ಚಿಕ್ಕವಳು. ಶಾಲೆಯಲ್ಲಿ ಗೆಳತಿಯರು ಅವಳನ್ನು ಹೆಸರಿನಿಂದ ಕರೆಯುವುದೂ ಇಲ್ಲ, ಕರೆದರೆ ಕೇಳಬೇಕಲ್ಲ. ಅವಳ ಎಡಗೆನ್ನೆಯಲ್ಲಿ ಒಂದು ಮಚ್ಚೆ ಇದೆ. ತಮ್ಮ ಕೆನ್ನೆಯ ಅದೇ ಜಾಗಕ್ಕೆ ತೋರುಬೆರಳು ಮುಟ್ಟಿಸಿದರೆ ಅವಳನ್ನು ಕರೆದಂತೆ. ಸನ್ನೆಯಲ್ಲಿ ಮಾತಾಡುವವರು ಹೀಗೆ ಒಬ್ಬೊಬ್ಬರಿಗೂ ಒಂದು ಸನ್ನೆಯ ಹೆಸರು ಇಟ್ಟುಕೊಳ್ಳುತ್ತಾರೆ. ಹಾಗಾಗಿ ಇಲ್ಲಿ ಅವಳನ್ನು ಮಚ್ಚೆ ಎಂದೇ ಬರೆಯುತ್ತೇನೆ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ.

ಕೇಳುವುದಿಲ್ಲ ಅಂದರೆ ಎಷ್ಟು ಎಂದು ಕೆಲವರು ಕೇಳುತ್ತಾರೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾಡಿಸಿದ ಪರೀಕ್ಷೆಯ ಪ್ರಕಾರ ಎರಡೂ ಕಿವಿಗೆ 90 ಡೆಸಿಬೆಲ್‌ಗಿಂತ ಜಾಸ್ತಿ ಕೊರತೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಎರಡೂ ಕಿವಿಗೆ 70 ಡೆಸಿಬೆಲ್ ಕೊರತೆ ಇದ್ದರೇ ಕಿವುಡು ಎನ್ನುತ್ತದೆ. ಪಕ್ಕದಲ್ಲೇ ಲಾರಿ ಹಾರ್ನ್ ಹೊಡೆದರೆ ಏನೋ ಆಯಿತು ಎಂದು ಅವಳಿಗೆ ತಿಳಿಯುತ್ತದೆ. ಮೈದಾನದ ಆ ತುದಿಯಿಂದ ನಾನು ಗಂಟಲು ಹರಿದುಕೊಂಡರೂ ಏನೂ ತಿಳಿಯುವುದಿಲ್ಲ. ಇದು ನನಗೆ ಅರ್ಥವಾಗಲು ಒಂದು ತಿಂಗಳು ಬೇಕಾಯಿತು. ಹದಿನಾರು ವರ್ಷ ಕೂಗಿಯೇ ಪಾಠ ಮಾಡಿದವನು ನಾನು. ಕೇಳಲಿಲ್ಲ ಅಂದರೆ ಇನ್ನೂ ಜೋರಾಗಿ ಕೂಗುವುದು, ಅಷ್ಟೇ ಗೊತ್ತಿದ್ದದ್ದು.

ಕಿವಿಗೆ ಮಷಿನ್ ಇದೆಯಲ್ಲ, ಹಾಕಿಕೊಂಡು ಆಡಲಿ ಎಂದು ನಮ್ಮ ಸ್ಟಾಫ್ ರೂಮಿನಲ್ಲೇ ಹೇಳಿದವರಿದ್ದಾರೆ. ನಾನೂ ಮೊದಲು ಹಟ ಹಿಡಿದು ಹಾಕಿಸಿದೆ. ಅವಳದು ಕಿವಿಯ ಹಿಂದೆ ಕೂರುವ ಮಷಿನ್. ಅದರ ಮೈಕ್ ಇರುವುದು ಕಿವಿಯ ಮೇಲ್ಭಾಗದಲ್ಲಿ. ಅದರ ಮೇಲೆ ಹೆಲ್ಮೆಟ್ ಕೂತ ಕೂಡಲೇ ಕುಂಯ್ ಎಂದು ಸೀಟಿ ಹೊಡೆಯಲು ಶುರು ಮಾಡಿತು. ಕಿವಿಯೊಳಗಿನಿಂದ ಸೋರಿದ ಸದ್ದು ಹೆಲ್ಮೆಟ್‌ಗೆ ತಾಗಿ ಮತ್ತೆ ಮೈಕಿಗೇ ಹೋಗುತ್ತದೆ, ಅದು ಸುತ್ತಿ ಸುತ್ತಿ ಸೀಟಿಯಾಗುತ್ತದೆ. ಹೆಲ್ಮೆಟ್ ತೆಗೆದು ಫೀಲ್ಡಿಂಗ್‌ಗೆ ನಿಂತರೆ ಗಾಳಿ. ನಮಗೆ ತಂಪಾಗಿ ಬೀಸುವ ಗಾಳಿ ಆ ಮೈಕಿನ ಮೇಲೆ ಬಿದ್ದರೆ ಬರೀ ಮೊರೆತ. ಅಷ್ಟಾಗಿ, ಇಂಥ ಮಷಿನ್ ಎದುರು ಕೂತು ಮಾತಾಡುವವರ ದನಿಗೆ ಒದಗುವಷ್ಟು ದೂರದ ಕೂಗಿಗೆ ಒದಗುವುದಿಲ್ಲ. ಬೆವರು ಒಳಗೆ ಹೋದರೆ ರಿಪೇರಿ ಬೇರೆ. ಮೂರನೇ ದಿನ ಅವಳೇ ಅದನ್ನು ಕಿತ್ತು ಡಬ್ಬಿಯೊಳಗೆ ಹಾಕಿ, ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು. ಅವತ್ತಿನಿಂದ ಪಂದ್ಯ ಮುಗಿಯುವವರೆಗೆ ಆ ಡಬ್ಬಿ ನನ್ನ ಜೇಬಿನಲ್ಲಿರುತ್ತದೆ. ಶನಿವಾರ ಅವಳು ಮಷಿನ್ ಇಲ್ಲದೇ ಆಡುತ್ತಾಳೆ. ದಯವಿಟ್ಟು ಹಾಕಿಕೊಂಡು ಬಾ ಎನ್ನಬೇಡಿ.

ಇನ್ನು ಬ್ಯಾಟಿಂಗ್. ಚೆಂಡು ಹೊಡೆಯಲು ಅವಳಿಗೆ ಯಾರ ಸಹಾಯವೂ ಬೇಡ. ಮುಂದಿನ ಕಾಲು ಚೆಂಡಿನ ಹತ್ತಿರಕ್ಕೆ ಹೋಗುತ್ತದೆ, ತಲೆ ಅಲ್ಲಾಡುವುದಿಲ್ಲ, ಕಾಲಿನ ಮೇಲೆ ಬಂದದ್ದನ್ನು ಮಣಿಕಟ್ಟಿನಲ್ಲೇ ತಿರುಗಿಸುತ್ತಾಳೆ. ಕಿವಿ ಕೇಳದ್ದಕ್ಕೆ ಏಕಾಗ್ರತೆ ಜಾಸ್ತಿ ಎಂದು ಒಬ್ಬರು ನನಗೆ ಬುದ್ಧಿ ಹೇಳಿದರು. ಹಾಗೆಲ್ಲ ಏನೂ ಇಲ್ಲ. ಎಲ್ಲ ಮಕ್ಕಳ ಹಾಗೆ ಅವಳ ಗಮನವೂ ತಪ್ಪುತ್ತದೆ, ಐಸ್‌ಕ್ಯಾಂಡಿ ಗಾಡಿ ಬಂದರೆ ಅವಳೇ ಮೊದಲು ನೋಡುವುದು. ಚೆನ್ನಾಗಿ ಆಡುತ್ತಾಳೆ ಯಾಕೆಂದರೆ ಅವಳ ಅಣ್ಣ ಮನೆಯ ಹಿಂದಿನ ತೋಟದಲ್ಲಿ ನಾಲ್ಕು ವರ್ಷ ಅವಳಿಗೆ ಬೌಲ್ ಮಾಡಿದ್ದಾನೆ.

ತೊಂದರೆ ಇದ್ದದ್ದು ಓಡುವುದರಲ್ಲಿ.

ಬಂದ ಹೊಸದರಲ್ಲಿ ಒಂದು ಸಂಜೆ ಅವಳು ಚೆಂಡನ್ನು ಕವರ್ ಕಡೆ ತಳ್ಳಿ ಎರಡು ಹೆಜ್ಜೆ ಮುಂದೆ ಬಂದಳು. ಆ ತುದಿಯಲ್ಲಿದ್ದ ನಮ್ಮ ಕ್ಯಾಪ್ಟನ್ "ಬೇಡ, ಬೇಡ" ಎಂದಳು. ಕೇಳುವುದಿಲ್ಲ ಎಂದು ಗೊತ್ತಿದ್ದರಿಂದ ಬಾಯಿ ದೊಡ್ಡದಾಗಿ ತೆರೆದು, ಬಿಡಿಸಿ ಬಿಡಿಸಿ ಹೇಳಿದಳು. ಮಚ್ಚೆ ಆ ತುಟಿಗಳನ್ನೇ ನೋಡುತ್ತಾ ಪ್ರಾಣ ಬಿಟ್ಟು ಓಡಿದಳು. ಇಬ್ಬರೂ ಒಂದೇ ಕ್ರೀಸಿನಲ್ಲಿ ಬಂದು ನಿಂತರು. ಆ ಕಡೆ ಬೇಲ್ಸ್ ಹಾರಿತ್ತು.

ಕ್ಯಾಪ್ಟನ್ ನನ್ನ ಹತ್ತಿರ ಬಂದು ಅಳುಮೋರೆ ಮಾಡಿದಳು. "ಸರ್, ಬೇಡ ಅಂತ ಮೂರು ಸಲ ಹೇಳಿದೆ ಸರ್. ನನ್ನ ಮುಖಾನೇ ನೋಡ್ತಿದ್ಲು."

ಮಚ್ಚೆ ಮ್ಯಾಟಿನ ಪಕ್ಕದ ಮಣ್ಣಿನಲ್ಲಿ ಬೆರಳಿನಿಂದ ಒಂದು ಪದ ಬರೆದಳು. ಬೇಗ.

ನೀವೇ ಕನ್ನಡಿಯ ಮುಂದೆ ನಿಂತು ಹೇಳಿ ನೋಡಿ. ಬೇಡ. ಬೇಗ. ಸದ್ದು ಮಾಡದೆ ಬರೀ ತುಟಿಯಲ್ಲಿ. ಎರಡಕ್ಕೂ ತುಟಿ ಮುಚ್ಚಿ ತೆರೆಯುತ್ತದೆ, ಒಂದೇ ಥರ ಅಗಲವಾಗುತ್ತದೆ. ವ್ಯತ್ಯಾಸ ಇರುವುದು ಡ ಮತ್ತು ಗ ಅಕ್ಷರಗಳಲ್ಲಿ. ಒಂದರಲ್ಲಿ ನಾಲಿಗೆಯ ತುದಿ ಮೇಲಕ್ಕೆ ಮಡಚುತ್ತದೆ, ಇನ್ನೊಂದರಲ್ಲಿ ನಾಲಿಗೆಯ ಬುಡ ಏಳುತ್ತದೆ. ಎರಡೂ ಬಾಯಿಯ ಒಳಗೆ ನಡೆಯುವ ಕೆಲಸ, ಹೊರಗಿನಿಂದ ಕಾಣುವುದಿಲ್ಲ. ಪ, ಬ, ಮ ಕೂಡ ಹಾಗೆಯೇ, ತುಟಿಯಲ್ಲಿ ಮೂರೂ ಒಂದೇ. ಎದುರು ಕೂತು ಮಾತಾಡುವಾಗ ಹಿಂದಿನ ಮುಂದಿನ ಮಾತಿನಿಂದ ಊಹೆ ಮಾಡಬಹುದು. ಓಡುವಾಗ ಇರುವುದೇ ಒಂದು ಪದ. ಅದು ನಿಲ್ಲು ಎನ್ನುತ್ತಿದೆಯೋ ಓಡು ಎನ್ನುತ್ತಿದೆಯೋ ತುಟಿಯಿಂದ ತಿಳಿಯುವ ದಾರಿಯೇ ಇಲ್ಲ. ಅವಳ ತಪ್ಪು ಒಂದು ಚೂರೂ ಇರಲಿಲ್ಲ.

ಅವತ್ತು ರಾತ್ರಿ ನಾನು ಬುದ್ಧಿವಂತಿಕೆ ಮಾಡಿದೆ. ಮನೆಯಿಂದ ಒಂದು ಕೆಂಪು, ಒಂದು ಹಸಿರು ಬಟ್ಟೆ ತಂದೆ. ಬೌಂಡರಿಯಲ್ಲಿ ನಾನು ನಿಲ್ಲುವುದು, ಹಸಿರು ಎತ್ತಿದರೆ ಓಡುವುದು, ಕೆಂಪು ಎತ್ತಿದರೆ ನಿಲ್ಲುವುದು. ಎರಡು ದಿನ ಚೆನ್ನಾಗಿಯೇ ನಡೆಯಿತು. ಮೂರನೇ ದಿನ ಕ್ಯಾಪ್ಟನ್ ಕೇಳಿದಳು, "ಸರ್, ಆಗ ಆಡ್ತಿರೋದು ನಾವಾ, ನೀವಾ?" ಸರಿಯಾಗಿಯೇ ಕೇಳಿದಳು. ಓಡುವ ತೀರ್ಮಾನ ಹೊರಗೆ ನಿಂತವನದ್ದಾಗಬಾರದು. ಆ ಬಟ್ಟೆಗಳು ಈಗ ನಮ್ಮ ಸ್ಕೂಟರ್ ಒರೆಸುತ್ತಿವೆ.

ಆಮೇಲೆ ಕೂತು ನಿಧಾನವಾಗಿ ಯೋಚಿಸಿದೆವು. ಕಿವಿ ಕೇಳುವ ಆಟಗಾರ್ತಿಗೆ ಓಡುವಾಗ ಕಣ್ಣು ಚೆಂಡಿನ ಮೇಲೆ, ಕಿವಿ ಜೊತೆಗಾರ್ತಿಯ ಮೇಲೆ. ಎರಡು ಕೆಲಸಕ್ಕೆ ಎರಡು ಅಂಗ. ಮಚ್ಚೆಗೆ ಎರಡಕ್ಕೂ ಕಣ್ಣೇ. ಚೆಂಡು ಬೆನ್ನ ಹಿಂದೆ ಹೋದಾಗ ಅದನ್ನು ನೋಡಲು ತಿರುಗಿದರೆ ಜೊತೆಗಾರ್ತಿ ತಪ್ಪಿಹೋಗುತ್ತಾಳೆ. ಜೊತೆಗಾರ್ತಿಯನ್ನು ನೋಡಿದರೆ ಚೆಂಡು ತಪ್ಪಿಹೋಗುತ್ತದೆ. ಎರಡರಲ್ಲಿ ಒಂದನ್ನು ಬಿಡಲೇಬೇಕು.

ನಾವು ಚೆಂಡನ್ನು ಬಿಟ್ಟೆವು. ಹೊಡೆದ ಮೇಲೆ ಚೆಂಡು ಹಿಂದೆ ಹೋಯಿತೋ, ನೋಡಬೇಡ. ನೇರ ಕ್ಯಾಪ್ಟನ್ ಕಡೆ ನೋಡು. ಇದು ಹೇಳಲು ಸುಲಭ. ತಾನು ಹೊಡೆದ ಚೆಂಡು ಎಲ್ಲಿಗೆ ಹೋಯಿತು ಎಂದು ನೋಡಬೇಡ ಎನ್ನುವುದು ಬ್ಯಾಟ್ ಹಿಡಿದವರಿಗೆ ಊಟದ ಮುಂದೆ ಕೂತು ಕಣ್ಣು ಮುಚ್ಚು ಎಂದ ಹಾಗೆ. ಫೈನ್ ಲೆಗ್ ಕಡೆ ತಿರುಗಿಸಿದಾಗಲೆಲ್ಲ ಅವಳ ಕತ್ತು ತಾನಾಗಿಯೇ ತಿರುಗುತ್ತಿತ್ತು. ಸುಮಾರು ಎರಡು ವಾರ ಚೆಂಡೇ ಇಲ್ಲದೆ ಅಭ್ಯಾಸ ಮಾಡಿಸಿದೆ. ಬರೀ ಬ್ಯಾಟ್ ಬೀಸುವುದು, ತಲೆ ಎತ್ತುವುದು, ಆ ತುದಿಯ ಕೈ ನೋಡುವುದು.

ಕೈ ಸನ್ನೆ ಮೂರೇ. ತಲೆಯ ಮೇಲೆ ನೇರ ಎತ್ತಿದ ಕೈ ಎಂದರೆ ಬೇಡ. ಸೊಂಟದ ಹತ್ತಿರದಿಂದ ಮುಂದಕ್ಕೆ ಬೀಸಿದ ಕೈ ಎಂದರೆ ಬಾ. ಎದೆಯ ಮುಂದೆ ಚಾಚಿದ ಅಂಗೈ ಎಂದರೆ ತಾಳು. ಬೆರಳಿನ ಸನ್ನೆ ಯಾವುದೂ ಇಲ್ಲ, ಅಷ್ಟು ದೂರಕ್ಕೆ ಗ್ಲೌಸ್ ಹಾಕಿದ ಬೆರಳು ಕಾಣುವುದಿಲ್ಲ. ಮೊದಮೊದಲು ಕೈಯೂ ಕಾಣುತ್ತಿರಲಿಲ್ಲ. ಬಿಳಿ ಶರಟು, ಬಿಳಿ ಗ್ಲೌಸ್, ಸಂಜೆ ಕಣ್ಣಿಗೆ ಹೊಡೆಯುವ ಬಿಸಿಲು. ನಮ್ಮ ಮೈದಾನದ ಪಿಚ್ ಪೂರ್ವ ಪಶ್ಚಿಮವಾಗಿದೆ, ಬೇರೆ ದಿಕ್ಕಿಗೆ ತೋಟ ಅಡ್ಡ. ಪಡುವಣ ತುದಿಯಲ್ಲಿ ನಿಂತವಳು ಬರೀ ಕಪ್ಪು ನೆರಳಿನ ಹಾಗೆ ಕಾಣುತ್ತಿದ್ದಳು. ಆಗ ಮಚ್ಚೆಯ ತಾಯಿ ಹಳದಿ ಬಟ್ಟೆಯಲ್ಲಿ ಎರಡು ಪಟ್ಟಿ ಹೊಲಿದುಕೊಟ್ಟರು, ಮಣಿಕಟ್ಟಿನಿಂದ ಮೊಣಕೈವರೆಗೆ ಬರುವಂಥದ್ದು. ಆ ಪಟ್ಟಿ ಕಟ್ಟಿಕೊಂಡ ಮೇಲೆ ಕೈ ಎದ್ದು ಕಾಣುತ್ತದೆ. ಶನಿವಾರ ಬ್ಯಾಟ್ ಮಾಡುವಾಗ ನಮ್ಮ ಹುಡುಗಿಯರ ಕೈಗಳಲ್ಲಿ ಹಳದಿ ಪಟ್ಟಿ ಇರುತ್ತದೆ. ಅದಕ್ಕೆ ನಿಮ್ಮ ಒಪ್ಪಿಗೆ ಬೇಕು. ಬೌಲ್ ಮಾಡುವಾಗ ಬಿಚ್ಚಿಡುತ್ತೇವೆ.

ಇದರಲ್ಲಿ ನಾವು ಕಲಿತ ದೊಡ್ಡ ವಿಷಯ, ಕೈ ಏಳಲಿಲ್ಲ ಅಂದರೆ ಬಾ ಎಂದು ಅರ್ಥ ಅಲ್ಲ ಎನ್ನುವುದು. ಹೊಡೆದ ರಭಸಕ್ಕೆ ಯಾರಾದರೂ ಎರಡು ಹೆಜ್ಜೆ ಮುಂದೆ ಬರುತ್ತಾರೆ. ಅದನ್ನೇ ಕರೆ ಎಂದುಕೊಂಡು ಎದುರಿನವಳು ಹೊರಟರೆ ಮುಗಿಯಿತು. ಹಾಗಾಗಿ ಪ್ರತಿ ಚೆಂಡಿಗೂ ಒಂದು ಸನ್ನೆ ಆಗಲೇಬೇಕು, ಚೆಂಡು ನೇರ ಕೀಪರ್ ಕೈಗೆ ಹೋದರೂ ಸರಿ. ನೋಡಿದವರಿಗೆ ಇದು ಅತಿ ಅನ್ನಿಸಬಹುದು. ಕಿವಿ ಕೇಳುವ ಹುಡುಗಿಯರೂ ಈಗ ಹಾಗೇ ಆಡುತ್ತಾರೆ. ತಂಡದ ರನೌಟ್‌ಗಳೇ ಕಡಿಮೆಯಾಗಿವೆ. ಸನ್ನೆ ಮಾಡಿದರೆ ಫೀಲ್ಡರ್‌ಗಳಿಗೂ ಗೊತ್ತಾಗುತ್ತಲ್ಲ ಎಂದು ಒಬ್ಬ ಹುಡುಗಿ ಕೇಳಿದಳು. ಬಾ ಎಂದು ಕೂಗಿದರೆ ಗೊತ್ತಾಗಲ್ವಾ?

ಅರ್ಧ ದಾರಿಯಲ್ಲಿ ಮನಸ್ಸು ಬದಲಾದರೆ ಏನು ಮಾಡುವುದು? ಇದು ನನ್ನ ನಿದ್ದೆ ಕೆಡಿಸಿದ ಪ್ರಶ್ನೆ. ಇಬ್ಬರೂ ಎದುರುಬದುರು ಓಡಿ ಬರುವಾಗ ಒಬ್ಬರಿಗೊಬ್ಬರು ಕಾಣುತ್ತಾರೆ. ಪಕ್ಕಕ್ಕೆ ಪಕ್ಕ ದಾಟಿದ ಮೇಲೆ ಬೆನ್ನಿಗೆ ಬೆನ್ನು. ಅಲ್ಲಿಂದ ಆಚೆ ಅವಳಿಗೆ ಯಾವ ಕರೆಯೂ ಮುಟ್ಟುವುದಿಲ್ಲ. ಅದಕ್ಕೆ ಒಂದು ನಿಯಮ ಮಾಡಿದೆವು: ದಾಟುವವರೆಗೆ ಕೈ ಎತ್ತಿ ವಾಪಸ್ ಕಳಿಸಬಹುದು, ದಾಟಿದ ಮೇಲೆ ಸತ್ತರೂ ಹಿಂದಿರುಗುವಂತಿಲ್ಲ. ಕ್ರೀಸಿನಿಂದ ಕ್ರೀಸಿಗೆ 58 ಅಡಿ. ನಾನು ಲೆಕ್ಕ ಹಾಕಿ 29ನೇ ಅಡಿಯಲ್ಲಿ ಮ್ಯಾಟಿನ ಎರಡೂ ಪಕ್ಕಕ್ಕೆ ಸುಣ್ಣದ ಗೆರೆ ಎಳೆದೆ. ಇದೇ ದಾಟುವ ಗೆರೆ ಎಂದು ತೋರಿಸಿದೆ.

ಮಚ್ಚೆ ಗೆರೆಯನ್ನು ನೋಡಿದಳು, ನನ್ನನ್ನು ನೋಡಿದಳು, ತಲೆ ಅಲ್ಲಾಡಿಸಿದಳು. ಸುಣ್ಣದ ಡಬ್ಬಿ ಕಿತ್ತುಕೊಂಡು ಬ್ಯಾಟ್ ಮಾಡುವ ತುದಿಯ ಕಡೆಗೆ ಒಂದೂವರೆ ಮಾರು ಹೋಗಿ ಅಲ್ಲಿ ಇನ್ನೊಂದು ಗೆರೆ ಎಳೆದಳು. ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಅವಳೇ ಓಡಿ ತೋರಿಸಿದಳು. ಬೌಲರ್ ತುದಿಯಲ್ಲಿ ನಿಂತವಳು ಚೆಂಡು ಕೈ ಬಿಟ್ಟ ಕೂಡಲೇ ನಾಲ್ಕು ಹೆಜ್ಜೆ ಮುಂದೆ ಬಂದಿರುತ್ತಾಳೆ. ಹೊಡೆಯುವವಳು ಇನ್ನೂ ಕ್ರೀಸಿನಲ್ಲೇ ಇರುತ್ತಾಳೆ. ಹಾಗಿದ್ದ ಮೇಲೆ ಇಬ್ಬರೂ ನಟ್ಟನಡುವೆ ಹೇಗೆ ದಾಟುತ್ತಾರೆ? ಹೊಡೆಯುವವಳ ಕಡೆಗೇ ದಾಟುವುದು. ಅಷ್ಟು ವರ್ಷ ಕ್ರಿಕೆಟ್ ಹೇಳಿಕೊಟ್ಟಿದ್ದೇನೆ, ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಮರುದಿನದಿಂದ ನನ್ನ ಗೆರೆ ಅಳಿಸಿ ಅವಳ ಗೆರೆಯಲ್ಲೇ ಅಭ್ಯಾಸ.

ಎರಡನೇ ರನ್ನಿಗೆ ತಿರುಗುವಾಗಲೂ ಅದೇ ಮಾತು. ಎಲ್ಲರಿಗೂ ಚೆಂಡಿನ ಕಡೆ ಮುಖ ಮಾಡಿ ತಿರುಗು ಎಂದು ಹೇಳಿಕೊಡುತ್ತೇವೆ. ಅವಳಿಗೂ ಹಾಗೇ ಹೇಳಿದ್ದೇನೆ, ಆದರೆ ಬ್ಯಾಟ್ ಗೆರೆ ಮುಟ್ಟಿದ ಕೂಡಲೇ ಕಣ್ಣು ಮೊದಲು ಜೊತೆಗಾರ್ತಿಯ ಕೈಗೆ, ಆಮೇಲೆ ಚೆಂಡಿಗೆ. ಇದರಿಂದ ಪ್ರತಿ ಸಲ ಒಂದು ಕ್ಷಣ ತಡವಾಗುತ್ತದೆ. ಹತ್ತಿರದ ಎರಡನೇ ರನ್ನುಗಳನ್ನು ನಾವು ಬಿಟ್ಟುಬಿಡುತ್ತೇವೆ. ಅಷ್ಟು ನಷ್ಟ ಇದೆ, ಒಪ್ಪಿಕೊಂಡಿದ್ದೇವೆ.

ಫೀಲ್ಡಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅವಳು ಪಾಯಿಂಟಿನಲ್ಲಿ ನಿಲ್ಲುತ್ತಾಳೆ. ದೂರ ನಿಂತ ಫೀಲ್ಡರ್‌ಗಳು ಬ್ಯಾಟಿನ ಸದ್ದಿನಿಂದಲೂ ಚೆಂಡು ಎಷ್ಟು ದೂರ ಬರುತ್ತದೆಂದು ಅಂದಾಜು ಮಾಡುತ್ತಾರೆ. ಅವಳಿಗೆ ಅದಿಲ್ಲ, ಬ್ಯಾಟ್ ಬೀಸಿದ್ದು ಹತ್ತಿರದಿಂದ ಕಾಣಬೇಕು. ಎತ್ತರಕ್ಕೆ ಹೋದ ಕ್ಯಾಚಿಗೆ ಇಬ್ಬರು ಓಡಿ ಡಿಕ್ಕಿ ಹೊಡೆಯಬಾರದು ಎಂದು ಅವಳ ಸುತ್ತ ಒಂದು ಜಾಗ ಗೊತ್ತು ಮಾಡಿದ್ದೇವೆ. ಅದರೊಳಗೆ ಬಿದ್ದದ್ದು ಅವಳದು, ಉಳಿದವರು ನಿಂತುಬಿಡಬೇಕು. ಹೊರಗೆ ಬಿದ್ದದ್ದಕ್ಕೆ ಅವಳು ಹೋಗುವುದಿಲ್ಲ.

ಈಗ ನಿಮಗೆ ನೇರವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ. ಹೋದ ತಿಂಗಳು ಪಕ್ಕದ ಊರಿನ ತಂಡದೊಡನೆ ಒಂದು ಸ್ನೇಹದ ಪಂದ್ಯ ಆಡಿದೆವು. ಅಂಪೈರ್ ಯಾರು, ಎಲ್ಲಿ ಎನ್ನುವುದು ಬೇಡ. ಮಚ್ಚೆ 14 ರನ್ ಮಾಡಿದ್ದಳು. ಬೌಲರ್ ಗೆರೆ ದಾಟಿ ಹಾಕಿದಳು, ಅಂಪೈರ್ ನೋಬಾಲ್ ಎಂದು ಜೋರಾಗಿಯೇ ಕೂಗಿದರು, ಕೈಯನ್ನೂ ಚಾಚಿದರು, ಒಡನೆ ಇಳಿಸಿದರು. ಅಷ್ಟು ಹೊತ್ತಿಗೆ ಮಚ್ಚೆಯ ಕಣ್ಣು ಚೆಂಡಿನ ಮೇಲಿತ್ತು, ಇರಬೇಕಾದದ್ದೇ ಅಲ್ಲಿ. ಚೆಂಡು ಬ್ಯಾಟಿನ ಮೇಲಂಚಿಗೆ ತಾಗಿ ಕವರ್‌ನಲ್ಲಿ ಕ್ಯಾಚ್ ಆಯಿತು. ಅವಳು ಫೀಲ್ಡರನ್ನು ನೋಡಿದಳು, ಕ್ಯಾಚ್ ಹಿಡಿದದ್ದು ಕಂಡಿತು, ಬ್ಯಾಟ್ ಕಂಕುಳಲ್ಲಿಟ್ಟುಕೊಂಡು ಹೊರಟಳು. ನೋಬಾಲ್ ಕೇಳಿದ್ದ ಫೀಲ್ಡರ್ ಚೆಂಡನ್ನು ಕೀಪರ್‌ಗೆ ಎಸೆದಳು. ಕೀಪರ್ ಬೇಲ್ಸ್ ಹಾರಿಸಿದಳು. ಅಂಪೈರ್ ಬೆರಳೆತ್ತಿದರು. ರನೌಟ್.

ಕ್ಯಾಪ್ಟನ್ ಓಡಿ ಬಂದು ಕೈ ಎತ್ತಿ ತಡೆದಾಗ ಮಚ್ಚೆ ಬೌಂಡರಿ ಹತ್ತಿರ ಬಂದಿದ್ದಳು. ಏನಾಯಿತೆಂದು ಅವಳಿಗೆ ತಿಳಿಯಲೇ ಇಲ್ಲ. ತಾನು ಕ್ಯಾಚ್ ಔಟ್ ಎಂದೇ ತಿಳಿದಿದ್ದಳು. ನಾನು ಅಂಪೈರ್ ಹತ್ತಿರ ಹೋಗಿ ಕೇಳಿದೆ. ಅವರು ಒರಟು ಮನುಷ್ಯರಲ್ಲ, ಸಮಾಧಾನದಿಂದಲೇ ಹೇಳಿದರು: "ಮೇಷ್ಟ್ರೇ, ನಾನು ಕೂಗಿದ್ನಲ್ಲ."

ನಾನು ಸುಮ್ಮನೆ ವಾಪಸ್ ಬಂದೆ. ಅಲ್ಲಿ ನನ್ನ ತಪ್ಪೂ ಇದೆ. ಪಂದ್ಯಕ್ಕೆ ಮೊದಲು ಅವಳ ವಿಷಯ ಅವರಿಗೆ ಹೇಳಿರಲಿಲ್ಲ. ಹೇಳಿದರೆ ಎಲ್ಲಿ ಬೇಡ ಎನ್ನುತ್ತಾರೋ ಎಂಬ ಹೆದರಿಕೆ. ಎರಡನೆಯದು, ನನಗೆ ನಿಯಮವೇ ಗೊತ್ತಿರಲಿಲ್ಲ. ಮನೆಗೆ ಬಂದು ಎಂಸಿಸಿಯ ಕ್ರಿಕೆಟ್ ನಿಯಮಗಳನ್ನು ತೆಗೆದು ಓದಿದೆ. 31ನೇ ನಿಯಮದ 7ನೇ ಭಾಗ. ಔಟ್ ಎಂದು ತೀರ್ಪು ಬರದೇ ಇದ್ದರೂ ಔಟ್ ಆದೆ ಎಂದು ತಪ್ಪಾಗಿ ತಿಳಿದು ಬ್ಯಾಟರ್ ಕ್ರೀಸ್ ಬಿಟ್ಟು ಹೊರಟರೆ, ಅಂಪೈರ್ ನಡುವೆ ಬರಬೇಕು. ಡೆಡ್ ಬಾಲ್ ಎಂದು ಕೂಗಿ, ಸನ್ನೆ ಮಾಡಿ, ಫೀಲ್ಡಿಂಗ್ ತಂಡ ಮುಂದೇನೂ ಮಾಡದಂತೆ ತಡೆದು, ಬ್ಯಾಟರನ್ನು ವಾಪಸ್ ಕರೆಯಬೇಕು. ಮುಂದಿನ ಚೆಂಡು ಆಟಕ್ಕೆ ಬರುವವರೆಗೂ ಕರೆಯಬಹುದು. ಅಂದರೆ ಅವಳು ಬೌಂಡರಿ ಹತ್ತಿರ ನಿಂತಿದ್ದಾಗಲೂ ಹೊತ್ತು ಮೀರಿರಲಿಲ್ಲ. ಈ ನಿಯಮ ಕಿವುಡರಿಗಾಗಿ ಮಾಡಿದ್ದಲ್ಲ, ಎಲ್ಲರಿಗೂ ಇರುವಂಥದ್ದು. ಗಲಾಟೆಯಲ್ಲಿ ನೋಬಾಲ್ ಕೇಳಿಸದೆ ಯಾರು ಹೊರಟರೂ ಇದು ಅವರ ಪಾಲಿಗೆ ಇದೆ. ಹಾಗಾಗಿ ನಾನು ನಿಮ್ಮಲ್ಲಿ ಹೊಸ ರಿಯಾಯಿತಿ ಕೇಳುತ್ತಿಲ್ಲ.

ನಾನು ಕೇಳುವುದು ಕೈಯ ಬಗ್ಗೆ. ಕ್ರಿಕೆಟ್ಟಿನಲ್ಲಿ ಅಂಪೈರ್ ಹೇಳುವ ಹೆಚ್ಚಿನ ಮಾತಿಗೆ ಸನ್ನೆ ಮೊದಲಿನಿಂದಲೂ ಇದೆ. ನೋಬಾಲಿಗೆ ಒಂದು ಕೈ ಚಾಚುವುದು, ವೈಡಿಗೆ ಎರಡು, ಡೆಡ್ ಬಾಲಿಗೆ ಸೊಂಟದ ಕೆಳಗೆ ಮಣಿಕಟ್ಟುಗಳನ್ನು ಅಡ್ಡಡ್ಡ ಆಡಿಸುವುದು. ಚೆಂಡು ಆಟದಲ್ಲಿದ್ದಾಗ ಒಮ್ಮೆ, ಆಟ ನಿಂತ ಮೇಲೆ ಸ್ಕೋರರ್‌ಗಾಗಿ ಇನ್ನೊಮ್ಮೆ ಮಾಡಬೇಕು. ಸ್ಕೋರರ್ ಕೈ ಎತ್ತಿ ಕಂಡಿತು ಎಂದು ತಿಳಿಸುವವರೆಗೆ ನೀವು ಕಾಯುತ್ತೀರಿ. ಅವಳು ಸ್ಟ್ರೈಕಿನಲ್ಲಿದ್ದಾಗ ನೋಬಾಲಿನ ಕೈಯನ್ನು ಮೊದಲ ಸಲವೇ ಸ್ವಲ್ಪ ಹೊತ್ತು ಹಾಗೇ ಹಿಡಿಯಿರಿ. ಚೆಂಡು ಹೋದ ಮೇಲೆ ಅವಳ ಕಣ್ಣು ಕ್ಯಾಪ್ಟನ್ ಕಡೆಗೆ ಬರುತ್ತದೆ, ಹಾಗೇ ಅಭ್ಯಾಸ ಮಾಡಿಸಿದ್ದೇನೆ. ಕ್ಯಾಪ್ಟನ್ ಪಕ್ಕದಲ್ಲೇ ನೀವಿರುತ್ತೀರಿ. ನಿಮ್ಮ ಕೈ ಇನ್ನೂ ಚಾಚಿದ್ದರೆ ಕಾಣುತ್ತದೆ. ಇಳಿದಿದ್ದರೆ ಕಾಣುವುದಿಲ್ಲ. ಅವಳ ತಂಡಕ್ಕೆ ಇದರಿಂದ ಒಂದು ರನ್ನೂ ಜಾಸ್ತಿ ಸಿಗುವುದಿಲ್ಲ. ನೋಬಾಲ್ ಕೂಗು ಕೇಳಿ ಜೋರಾಗಿ ಬ್ಯಾಟ್ ಬೀಸುವ ಅವಕಾಶ ಬೇರೆಯವರಿಗಿದೆ, ಅವಳಿಗೆ ಅದು ಹೇಗೂ ಇಲ್ಲ.

ಓವರ್ ಮುಗಿದಾಗ ಕೂಗುವುದರ ಜೊತೆ ಅವಳ ಕಡೆ ಒಮ್ಮೆ ಕೈ ತೋರಿಸಿ. ಇಲ್ಲದಿದ್ದರೆ ಏಳನೇ ಚೆಂಡಿಗೆ ಗಾರ್ಡ್ ತೆಗೆದುಕೊಂಡು ನಿಂತಿರುತ್ತಾಳೆ, ಮಕ್ಕಳು ನಗುತ್ತಾರೆ. ಬೌಲರ್ ಓಡಿ ಬರುತ್ತಿರುವಾಗ ನಾಯಿಯೋ ಕರುವೋ ಮೈದಾನಕ್ಕೆ ನುಗ್ಗಿ ನೀವು ಆಟ ನಿಲ್ಲಿಸಬೇಕಾದರೆ ಕೂಗಿ ಸುಮ್ಮನಾಗಬೇಡಿ, ಪಕ್ಕಕ್ಕೆ ಒಂದು ಹೆಜ್ಜೆ ಬಂದು ಬೌಲರ್‌ಗೆ ಕೈ ಅಡ್ಡ ಹಿಡಿಯಿರಿ. ಆ ತುದಿಯ ಅಲುಗಾಟ ಅವಳಿಗೆ ತಕ್ಷಣ ಕಾಣುತ್ತದೆ, ಸರಿದು ನಿಲ್ಲುತ್ತಾಳೆ.

ಕಿವಿ ಕೇಳದವರನ್ನು ಕೇಳುವವರ ಜೊತೆ ಆಡಿಸುವುದು ಸರಿಯಾ ಎಂದು ಸಮಿತಿಯ ಹಿರಿಯರೊಬ್ಬರು ಕೇಳಿದರಂತೆ. ಅವರಿಗೆ ನ್ಯೂಜಿಲೆಂಡಿನ ಲ್ಯಾನ್ಸ್ ಕೇರ್ನ್ಸ್ ನೆನಪಿರಬಹುದು. 1983ರಲ್ಲಿ ಮೆಲ್ಬರ್ನಿನಲ್ಲಿ ಆಸ್ಟ್ರೇಲಿಯಾದ ಬೌಲರ್‌ಗಳಿಗೆ ಆರು ಸಿಕ್ಸರ್ ಹೊಡೆದವರು. 43 ಟೆಸ್ಟ್ ಆಡಿ 130 ವಿಕೆಟ್ ತೆಗೆದರು. ಅವರಿಗೂ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ.

ಅವಳ ತಾಯಿಗೆ ಇವತ್ತಿಗೂ ಹೆದರಿಕೆ ಇದೆ. ಮೊನ್ನೆ ಶಾಲೆಗೆ ಬಂದಿದ್ದರು. "ಸರ್, ಅವತ್ತಿನ ಥರ ಮತ್ತೆ ಆದ್ರೆ ಅವಳು ಬ್ಯಾಟ್ ಮುಟ್ಟಲ್ಲ" ಎಂದರು. ಆಗುವುದಿಲ್ಲ ಎಂದು ನಾನು ಹೇಳಲಿಲ್ಲ. ಅಂಪೈರ್‌ಗಳಿಗೆ ಬರೆಯುತ್ತೇನೆ ಎಂದೆ. ಅದೇ ಈ ಪತ್ರ.

ಟಾಸ್ 9 ಗಂಟೆಗೆ. ನಾವು ಎಂಟೂವರೆಗೆಲ್ಲ ಮೈದಾನದಲ್ಲಿರುತ್ತೇವೆ. ಐದು ನಿಮಿಷ ಕೊಟ್ಟರೆ ಮಚ್ಚೆ ಮತ್ತು ಕ್ಯಾಪ್ಟನ್ ಇಬ್ಬರೂ ನಿಮಗೂ ಎದುರು ತಂಡದ ಕ್ಯಾಪ್ಟನ್‌ಗೂ ತಮ್ಮ ಮೂರು ಸನ್ನೆ ತೋರಿಸುತ್ತಾರೆ. ನೀವು ನಿಮ್ಮ ಸನ್ನೆಗಳನ್ನು ಅವಳಿಗೆ ತೋರಿಸಿ. ಪ್ರತಿಯೊಬ್ಬ ಅಂಪೈರ್ ಕೈ ಚಾಚುವ ರೀತಿ ಬೇರೆ ಬೇರೆ, ಒಮ್ಮೆ ನೋಡಿದ್ದರೆ ಅವಳಿಗೆ ಒಳ್ಳೆಯದು.

ನಿನ್ನೆ ಅಭ್ಯಾಸ ಮುಗಿದ ಮೇಲೆ ನೋಬಾಲಿನ ವಿಷಯ ನಿಮಗೆ ಬರೆಯುತ್ತಿದ್ದೇನೆ ಎಂದು ಅವಳಿಗೆ ತಿಳಿಸಿದೆ. ಅವಳು ನನ್ನ ಸ್ಕೋರ್ ಪುಸ್ತಕದ ಹಿಂದಿನ ಹಾಳೆ ಹರಿದು ಒಂದು ಪ್ರಶ್ನೆ ಬರೆದು ಕೊಟ್ಟಳು. "ಅಂಪೈರ್ ಸರ್ ಕೈ ಎಷ್ಟು ಹೊತ್ತು ಹಿಡೀತಾರೆ?" ನಾನು ಅದಕ್ಕೆ ಉತ್ತರ ಕೊಟ್ಟಿಲ್ಲ. ಚೀಟಿ ನನ್ನ ಜೇಬಿನಲ್ಲಿದೆ, ಮಷಿನ್ ಡಬ್ಬಿಯ ಜೊತೆ. ಶನಿವಾರ ತರುತ್ತೇನೆ. ಅದರ ಕೆಳಗೆ ನೀವೇ ಬರೆದುಕೊಡಿ.

ಇಂತಿ,
ಪಿಟಿ ಮೇಷ್ಟ್ರು